ಮನೆಗೆ ಮೊದಲ ಸ್ಪೀಕರ್: ಬ್ಲೂಟೂತ್ ಸಾಕೇ, ವೈಫೈ ಬೇಕೇ?

ಎರಡು ಪೆಟ್ಟಿಗೆಗಳ ಮೇಲೂ ‘ವೈರ್‌ಲೆಸ್’ ಎಂದೇ ಅಚ್ಚಾಗಿರುತ್ತದೆ. ಎರಡನ್ನೂ ಫೋನಿನಿಂದಲೇ ನಡೆಸಬಹುದು. ಹೊರಗಿನಿಂದ ನೋಡಿದರೆ ಅವಳಿಗಳಂತಿರುತ್ತವೆ. ಹಾಗಾಗಿ ಮೊದಲ ಸಲ ಸ್ಪೀಕರ್ ಕೊಳ್ಳುವವರು ವ್ಯಾಟ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಎಂದು ಹೋಲಿಸಿ ನೋಡಿ, ಮುಖ್ಯವಾದ ಪ್ರಶ್ನೆಯನ್ನೇ ಬಿಟ್ಟುಬಿಡುತ್ತಾರೆ. ಆ ಪ್ರಶ್ನೆ ಇದು: ಹಾಡನ್ನು ಸ್ಪೀಕರ್‌ವರೆಗೆ ತಲುಪಿಸುವುದು ಯಾರ ಕೆಲಸ, ನಿಮ್ಮ ಫೋನಿನದೋ, ಸ್ಪೀಕರಿನದೋ? ಇದಕ್ಕೆ ಉತ್ತರ ಗೊತ್ತಾದರೆ ಉಳಿದ ವ್ಯತ್ಯಾಸಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ತಾವಾಗಿಯೇ ಹೊಳೆಯುತ್ತವೆ.

ಮೊದಲ ಹೆಜ್ಜೆ: ಹಾಡು ಬರುವ ದಾರಿಯನ್ನು ತಿಳಿದುಕೊಳ್ಳಿ

ಬ್ಲೂಟೂತ್ ಸ್ಪೀಕರ್‌ಗೆ ಇಂಟರ್ನೆಟ್ ಏನೆಂದೇ ಗೊತ್ತಿಲ್ಲ. ಫೋನ್ ಹಾಡನ್ನು ಇಂಟರ್ನೆಟ್‌ನಿಂದಲೋ ತನ್ನ ಮೆಮೊರಿಯಿಂದಲೋ ತೆಗೆದು, ಬಿಚ್ಚಿ, ಆ ಕ್ಷಣ ಫೋನಿನಲ್ಲಿ ಹೊರಡುವ ಬೇರೆ ಸದ್ದುಗಳನ್ನೂ ಅದರೊಂದಿಗೆ ಸೇರಿಸಿ, ಮತ್ತೆ ಕುಗ್ಗಿಸಿ ಸ್ಪೀಕರ್‌ಗೆ ನೇರವಾಗಿ ಕಳಿಸುತ್ತದೆ. ಹಾಡು ನಡೆಯುವಷ್ಟು ಹೊತ್ತೂ ಫೋನ್ ಈ ಕೆಲಸದಲ್ಲೇ ಇರಬೇಕು. ಅದಕ್ಕೇ ಕರೆ ಬಂದರೆ ಹಾಡು ನಿಲ್ಲುತ್ತದೆ, ಸಂದೇಶ ಬಂದರೆ ‘ಟಿಂಗ್’ ಎಂಬ ಸದ್ದು ದೊಡ್ಡದಾಗಿ ಸ್ಪೀಕರಿನಲ್ಲೇ ಕೇಳುತ್ತದೆ. ಫೋನ್ ಹಿಡಿದು ಬೀದಿಗೆ ಇಳಿದಿರೋ, ಹಾಡೂ ನಿಮ್ಮ ಜೊತೆಗೇ ಹೊರಟುಹೋಗುತ್ತದೆ.

ವೈಫೈ ಸ್ಪೀಕರ್ ನಿಮ್ಮ ಮನೆಯ ರೂಟರಿಗೆ ತಾನೇ ಸೇರಿಕೊಂಡಿರುವ ಒಂದು ಸಣ್ಣ ಕಂಪ್ಯೂಟರ್. ಸ್ಪಾಟಿಫೈ ಕನೆಕ್ಟ್ ಅಥವಾ ಗೂಗಲ್ ಕಾಸ್ಟ್ ಮೂಲಕ ಒಂದು ಹಾಡನ್ನು ಆರಿಸಿದಿರಿ ಎಂದುಕೊಳ್ಳಿ. ಆಗ ಫೋನ್ ಹಾಡನ್ನು ಕಳಿಸುವುದಿಲ್ಲ. ‘ಇಂಥ ಹಾಡು ನುಡಿಸು’ ಎಂದು ಹೇಳಿ ಸುಮ್ಮನಾಗುತ್ತದೆ. ಸ್ಪೀಕರ್ ತಾನೇ ಇಂಟರ್ನೆಟ್‌ನಿಂದ ಹಾಡನ್ನು ತರಿಸಿಕೊಳ್ಳುತ್ತದೆ. ಫೋನ್ ಇಲ್ಲಿ ಬರೀ ರಿಮೋಟ್. ಕರೆ ಬಂದರೆ ಮಾತಾಡಿ, ಬೇಕಿದ್ದರೆ ಫೋನನ್ನೇ ಆಫ್ ಮಾಡಿ, ಹಾಡು ನಡೆಯುತ್ತಲೇ ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಅಂಗಡಿಯವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ. ವೈಫೈ ಮೇಲೆ ನಡೆಯುವುದೆಲ್ಲ ಒಂದೇ ರೀತಿಯಲ್ಲ. ಐಫೋನಿನಿಂದ ಏರ್‌ಪ್ಲೇ ಮಾಡಿದಾಗ ಹಾಡು ಸಾಮಾನ್ಯವಾಗಿ ಫೋನಿನ ಮೂಲಕವೇ, ಮನೆಯ ವೈಫೈ ಮೇಲೆ ಹಾದು ಸ್ಪೀಕರ್‌ಗೆ ಹೋಗುತ್ತದೆ. ಫೋನ್ ಮನೆಯಿಂದ ಹೊರಗೆ ಹೋದರೆ ಇಲ್ಲೂ ಹಾಡು ನಿಲ್ಲುತ್ತದೆ. ಫೋನಿನ ಮೆಮೊರಿಯಲ್ಲೇ ಇಟ್ಟುಕೊಂಡ ಹಾಡುಗಳ ಕಥೆಯೂ ಅಷ್ಟೇ. ಅವು ಇರುವುದೇ ಫೋನಿನಲ್ಲಿ, ಬೇರೆಲ್ಲಿಂದಲೂ ತರಲಾಗದು. ಹಾಗಾಗಿ ‘ವೈಫೈ ಸ್ಪೀಕರ್ ಕೊಂಡರೆ ಫೋನಿನ ಹಂಗೇ ಇರುವುದಿಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ. ನೀವು ಹಾಡು ಕೇಳುವ ಆ್ಯಪ್ ಯಾವುದು ಎಂಬುದರ ಮೇಲೆ ಉಳಿದರ್ಧ ನಿಂತಿದೆ.

ಎರಡನೆಯ ಹೆಜ್ಜೆ: ನಿಮ್ಮ ಆ್ಯಪ್ ಒಪ್ಪುತ್ತದೆಯೇ ನೋಡಿ

ಬ್ಲೂಟೂತ್‌ಗೆ ಈ ತಕರಾರೇ ಇಲ್ಲ. ಫೋನಿನಲ್ಲಿ ಕೇಳುವ ಪ್ರತಿಯೊಂದು ಸದ್ದೂ, ಅದು ಯಾವ ಆ್ಯಪ್‌ನದೇ ಆಗಿರಲಿ, ಸ್ಪೀಕರ್‌ಗೆ ಹೋಗುತ್ತದೆ. ರೇಡಿಯೋ ಆ್ಯಪ್, ಆನ್‌ಲೈನ್ ಪಾಠ, ಯಾರೋ ಕಳಿಸಿದ ಧ್ವನಿ ಸಂದೇಶ, ಎಲ್ಲವೂ. ಬ್ಲೂಟೂತ್‌ನ ದೊಡ್ಡ ಬಲ ಇದು.

ವೈಫೈ ಸ್ಪೀಕರಿನಲ್ಲಿ ಆ್ಯಪ್‌ಗೂ ಸ್ಪೀಕರ್‌ಗೂ ಒಂದೇ ಭಾಷೆ ಬರಬೇಕು. ನೀವು ಹೆಚ್ಚಾಗಿ ಬಳಸುವ ಆ್ಯಪ್ ತೆರೆದು, ಹಾಡು ನಡೆಯುವ ಪರದೆಯನ್ನು ಗಮನಿಸಿ. ಒಂದು ಆಯತದ ಕೆಳಗಿನ ಎಡ ಮೂಲೆಯಿಂದ ಅಲೆಗಳು ಹೊರಡುವ ಗುರುತು ಇದ್ದರೆ ಅದು ಗೂಗಲ್ ಕಾಸ್ಟ್. ಒಂದರೊಳಗೊಂದು ವೃತ್ತಗಳಿದ್ದು ಅವುಗಳ ಕೆಳಗೆ ತ್ರಿಕೋನವಿದ್ದರೆ ಏರ್‌ಪ್ಲೇ. ಸ್ಪಾಟಿಫೈನಲ್ಲಿ ಸಾಧನಗಳ ಪಟ್ಟಿ ತೆರೆಯುವ ಗುರುತು ಬೇರೆಯೇ ಇರುತ್ತದೆ. ಕಾಸ್ಟ್ ಗುರುತು ಕಾಣದಿದ್ದರೆ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಎಷ್ಟೋ ಆ್ಯಪ್‌ಗಳಲ್ಲಿ ಅದೇ ವೈಫೈಯಲ್ಲಿ ಕಾಸ್ಟ್ ಮಾಡಬಲ್ಲ ಟಿವಿಯೋ ಸ್ಪೀಕರೋ ಇದ್ದಾಗ ಮಾತ್ರ ಆ ಗುರುತು ಮೂಡುತ್ತದೆ. ಅಂಥ ಟಿವಿ ಇರುವ ಗೆಳೆಯರ ಮನೆಯಲ್ಲಿ ಒಮ್ಮೆ ನೋಡಿ, ಇಲ್ಲವೇ ಆ್ಯಪ್‌ನ ಸಹಾಯ ಪುಟ ಓದಿ.

ನಂತರ ಸ್ಪೀಕರಿನ ವಿವರಣೆಯಲ್ಲಿ ಅದೇ ಹೆಸರು ಇದೆಯೇ ಎಂದು ಹುಡುಕಿ. ಬರೀ ‘ವೈಫೈ ಇದೆ’ ಎಂದಿದ್ದರೆ ಸಾಲದು. ಸ್ಪೀಕರ್ ತನ್ನ ಧ್ವನಿ ಸಹಾಯಕಕ್ಕಾಗಿಯೋ ಸಾಫ್ಟ್‌ವೇರ್ ನವೀಕರಣಕ್ಕಾಗಿಯೋ ಮಾತ್ರ ವೈಫೈ ಬಳಸುತ್ತಿರಬಹುದು. ಆಗ ಫೋನಿನ ಹಾಡು ಬ್ಲೂಟೂತ್‌ನಲ್ಲೇ ಹೋಗಬೇಕಾಗುತ್ತದೆ, ನೀವು ವೈಫೈಗೆಂದು ಕೊಟ್ಟ ಹಣ ನಷ್ಟ. ಇನ್ನೊಂದೆಡೆ, ಎಷ್ಟೋ ವೈಫೈ ಸ್ಪೀಕರ್‌ಗಳಲ್ಲಿ ಬ್ಲೂಟೂತ್ ಕೂಡ ಇರುತ್ತದೆ. ಮೊದಲ ಸ್ಪೀಕರ್ ಆಗಿ ವೈಫೈ ಕೊಳ್ಳುವವರಿಗೆ ನಾನು ಹೇಳುವುದು ಒಂದೇ, ಬ್ಲೂಟೂತ್ ಇಲ್ಲದ್ದನ್ನು ಮುಟ್ಟಬೇಡಿ. ಇಂಟರ್ನೆಟ್ ಕೈಕೊಟ್ಟ ದಿನ ಅದೇ ಆಸರೆ.

ಮೂರನೆಯ ಹೆಜ್ಜೆ: ಸ್ಪೀಕರ್ ಇಡುವ ಜಾಗದಲ್ಲಿ ವೈಫೈ ಪರೀಕ್ಷಿಸಿ

ಇದನ್ನು ಕೊಳ್ಳುವ ಮೊದಲೇ ಮಾಡಬೇಕು. ಇದಕ್ಕೆ ದುಡ್ಡೇನೂ ಖರ್ಚಾಗುವುದಿಲ್ಲ. ಸ್ಪೀಕರ್ ಎಲ್ಲಿಡುತ್ತೀರೋ ಅಲ್ಲೇ ಫೋನ್ ಇಟ್ಟು, ಮೊಬೈಲ್ ಡೇಟಾ ಆಫ್ ಮಾಡಿ. ಈ ಕೊನೆಯ ಮಾತನ್ನು ಮರೆಯಬೇಡಿ. ಡೇಟಾ ಆನ್ ಇದ್ದರೆ ವೈಫೈ ಕುಂದಿದಾಗ ಫೋನ್ ಸದ್ದಿಲ್ಲದೆ ಮೊಬೈಲ್ ಜಾಲಕ್ಕೆ ಹಾರಿಬಿಡುತ್ತದೆ, ಪರೀಕ್ಷೆ ಪಾಸಾದಂತೆ ನಿಮಗೆ ಕಾಣುತ್ತದೆ. ಈಗ ಮೊದಲು ಕೇಳಿರದ, ಅಂದರೆ ಫೋನಿನಲ್ಲಿ ಉಳಿದುಕೊಂಡಿರದ ಹಾಡುಗಳನ್ನು ಅರ್ಧ ಗಂಟೆ ಹಾಕಿ. ಕೋಣೆಯ ಬಾಗಿಲು ಮುಚ್ಚಿ. ಮನೆಯ ಬೇರೆಯವರು ಎಂದಿನಂತೆ ವಿಡಿಯೋ ನೋಡುತ್ತಿರಲಿ.

ಒಮ್ಮೆಯೂ ತಡೆಯದೆ ನಡೆದರೆ ಆ ಜಾಗ ಸರಿಯಿದೆ. ಹಾಡಿಗೆ ಬೇಕಾದ ವೇಗವೇನೂ ದೊಡ್ಡದಲ್ಲ. ಸೆಕೆಂಡಿಗೆ 320 ಕಿಲೋಬಿಟ್‌ನ ಹಾಡು ಗಂಟೆಗೆ 144 ಎಂಬಿ ಅಷ್ಟೇ ತಿನ್ನುತ್ತದೆ. ಹೀಗಾಗಿ ನಿಲ್ಲುತ್ತಾ ನಡೆದರೆ ತಪ್ಪು ಇಂಟರ್ನೆಟ್ ಪ್ಲಾನಿನದಲ್ಲ, ಬಹುಮಟ್ಟಿಗೆ ಮನೆಯೊಳಗಿನ ಸಂಕೇತದ್ದು. ಹೆಚ್ಚು ಹಣ ಕೊಟ್ಟು ವೇಗ ಏರಿಸಿಕೊಂಡರೆ ಅದು ಸರಿಹೋಗದು. ರೂಟರ್ ಟಿವಿಯ ಹಿಂದೆ, ಕಪಾಟಿನೊಳಗೆ, ನೆಲದ ಮೇಲೆ ಇದ್ದರೆ ತೆರೆದ ಜಾಗದಲ್ಲಿ ಎತ್ತರಕ್ಕಿಟ್ಟು ಮತ್ತೆ ಪರೀಕ್ಷಿಸಿ.

ವೈಫೈಗೆ ಸೇರಿದ ಮೇಲೆ ಬ್ರೌಸರಿನಲ್ಲಿ ಇನ್ನೊಂದು ಪುಟ ತೆರೆದು ಹೆಸರು, ಪಾಸ್‌ವರ್ಡ್ ಕೇಳುವ ಜಾಲಗಳೂ ಇವೆ. ಹಾಸ್ಟೆಲ್, ಕಚೇರಿ, ಹೋಟೆಲ್ ಕೋಣೆಗಳಲ್ಲಿ ಇವು ಸಾಮಾನ್ಯ. ಸ್ಪೀಕರ್‌ಗೆ ಪರದೆಯೇ ಇಲ್ಲವಲ್ಲ, ಆ ಪುಟವನ್ನು ಅದು ದಾಟಲಾರದು. ಅಂಥ ಕಡೆ ವಾಸವಿದ್ದರೆ ಇಲ್ಲಿಗೆ ಓದುವುದನ್ನು ನಿಲ್ಲಿಸಿ ಬ್ಲೂಟೂತ್ ಕೊಳ್ಳಬಹುದು.

ಧ್ವನಿಯ ಗುಣಮಟ್ಟದ ವಾದ

ವೈಫೈ ಸ್ಪೀಕರ್ ಮಾರುವವರು ಮೊದಲು ಎತ್ತುವ ಮಾತೇ ಇದು. ಅದರಲ್ಲಿ ನಿಜವಿದೆ, ಆದರೆ ಮೊದಲ ಸ್ಪೀಕರ್ ಕೊಳ್ಳುವವರಿಗೆ ಅಷ್ಟಾಗಿ ಉಪಯೋಗಕ್ಕೆ ಬರದ ನಿಜ. ಸಿ.ಡಿ.ಯಲ್ಲಿರುವ ಹಾಡು ಕುಗ್ಗಿಸದೆ ಹರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ವೈಫೈಗೆ ಇದು ಲೆಕ್ಕಕ್ಕೇ ಇಲ್ಲ. ಬ್ಲೂಟೂತ್‌ನಲ್ಲಿ ಸಂಗೀತ ಕಳಿಸುವ ಎಲ್ಲ ಸಾಧನಗಳಿಗೂ ಬರಲೇಬೇಕಾದ ಎಸ್‌ಬಿಸಿ ಎಂಬ ಕೋಡೆಕ್, ಅಂದರೆ ಹಾಡು ಕುಗ್ಗಿಸುವ ವಿಧಾನ, ಸಾಮಾನ್ಯವಾಗಿ 328 ಕಿಲೋಬಿಟ್ ಸುತ್ತಮುತ್ತ ಇರುತ್ತದೆ. ಎಲ್‌ಡಿಎಸಿಯಂಥವು 990ರವರೆಗೂ ಹೋಗುತ್ತವೆ, ಆದರೆ ಫೋನಿಗೂ ಸ್ಪೀಕರ್‌ಗೂ ಎರಡಕ್ಕೂ ಅದು ಗೊತ್ತಿರಬೇಕು.

ಅಂಕಿ ನೋಡಿದರೆ ಅಂತರ ಭಾರಿ. ಕಿವಿಗೆ ಹಾಗಲ್ಲ. ಅಂಗೈಯಷ್ಟು ಸ್ಪೀಕರಿನಲ್ಲಿ ಈ ವ್ಯತ್ಯಾಸ ಹುಡುಕುವುದು ಕಷ್ಟ. ಅಲ್ಲಿ ಧ್ವನಿಯನ್ನು ತೀರ್ಮಾನಿಸುವುದು ಡಬ್ಬದ ಗಾತ್ರ, ಒಳಗೆ ಸದ್ದು ಹೊರಡಿಸುವ ಡ್ರೈವರಿನ ಅಗಲ, ಸ್ಪೀಕರ್ ಇಟ್ಟ ಜಾಗ. ಒಳ್ಳೆಯ ಡ್ರೈವರ್ ಇರುವ ಬ್ಲೂಟೂತ್ ಸ್ಪೀಕರ್ ಕಳಪೆ ವೈಫೈ ಸ್ಪೀಕರ್‌ಗಿಂತ ಯಾವತ್ತೂ ಚೆನ್ನಾಗಿಯೇ ಕೇಳುತ್ತದೆ. ಗುಣಮಟ್ಟವೊಂದನ್ನೇ ನೆಚ್ಚಿ ವೈಫೈಗೆ ಹೆಚ್ಚು ಹಣ ಹಾಕುವುದು, ಸ್ಪೀಕರ್ ದೊಡ್ಡದಾಗಿದ್ದು ನೀವು ಕುಗ್ಗಿಸಿದರೂ ಏನೂ ಕಳೆದುಹೋಗದ ‘ಲಾಸ್‌ಲೆಸ್’ ಗುಣಮಟ್ಟದ ಹಾಡುಗಳಿಗೆ ಚಂದಾ ಕಟ್ಟಿರುವಾಗ ಮಾತ್ರ ಸಾರ್ಥಕ. ವೈಫೈ ಕೊಳ್ಳಲು ಇದಕ್ಕಿಂತ ಗಟ್ಟಿ ಕಾರಣಗಳಿವೆ: ಕರೆ ಬಂದರೂ ಹಾಡು ನಿಲ್ಲದಿರುವುದು, ಮನೆಯ ಎಲ್ಲರೂ ಜೋಡಿಸುವ ತಾಪತ್ರಯವಿಲ್ಲದೆ ಬಳಸುವುದು, ಮುಂದೆ ಇನ್ನೊಂದು ಕೋಣೆಗೂ ಅದೇ ಹಾಡನ್ನು ಜೊತೆಜೊತೆಗೆ ಹಬ್ಬಿಸುವುದು. ಬ್ಲೂಟೂತ್‌ನಲ್ಲೂ ಎರಡು ಸ್ಪೀಕರ್ ಜೋಡಿಸುವ ವ್ಯವಸ್ಥೆ ಇದೆ, ಆದರೆ ಸಾಮಾನ್ಯವಾಗಿ ಎರಡೂ ಒಂದೇ ಕಂಪನಿಯವಾಗಿರಬೇಕು, ಫೋನಿನ ಹತ್ತಿರವೂ ಇರಬೇಕು.

ಟಿವಿಯ ಸದ್ದಿಗೆ ಬಳಸುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಕಾಲು ಸೆಕೆಂಡಿನವರೆಗೆ ತಡವಾಗಬಹುದು. ಫೋನಿನಲ್ಲಿ ವಿಡಿಯೋ ನೋಡುವಾಗ ಆ್ಯಪ್ ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಕೊಳ್ಳುತ್ತದೆ. ಆಟ ಆಡುವಾಗ, ಎಷ್ಟೋ ಟಿವಿಗಳಲ್ಲಿ, ಇದು ನಡೆಯುವುದಿಲ್ಲ, ತುಟಿ ಒಂದು ಕಡೆ ಮಾತು ಒಂದು ಕಡೆ. ವೈಫೈ ಸ್ಪೀಕರ್ ಹಾಡನ್ನು ಮುಂಚಿತವಾಗಿ ತುಂಬಿಸಿಟ್ಟುಕೊಂಡು ನುಡಿಸುವುದರಿಂದ ತಡ ಇನ್ನೂ ಹೆಚ್ಚಿರಬಹುದು. ಟಿವಿಗೆ ಎಚ್‌ಡಿಎಂಐ, ಆಪ್ಟಿಕಲ್ ಅಥವಾ ಆಕ್ಸ್ ತಂತಿ ಇರುವ ಸ್ಪೀಕರೇ ಸರಿ.

ಒಂದು ಮನೆಯ ಲೆಕ್ಕ

ಇದನ್ನೆಲ್ಲ ಒಂದು ಮನೆಗೆ ಹಚ್ಚಿ ನೋಡೋಣ. ಹಾಲ್‌ನಲ್ಲಿ ರೂಟರ್ ಇದೆ, ಅದೂ ಟಿವಿಯ ಹಿಂದೆ. ಸ್ಪೀಕರ್ ಬೇಕಿರುವುದು ಅಡುಗೆಮನೆಗೆ, ನಡುವೆ ಎರಡು ಗೋಡೆ. ಬೆಳಿಗ್ಗೆ ಅಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಸ್ಪಾಟಿಫೈ ಹಾಕುತ್ತಾರೆ, ಅವರಿಗೆ ಆ ಹೊತ್ತಿಗೇ ಕರೆಗಳು ಜಾಸ್ತಿ. ಸಂಜೆ ಮಗಳು ಐಫೋನಿನಿಂದ ಹಾಡು ಕೇಳುತ್ತಾಳೆ. ಅಪ್ಪನ ಹಳೆಯ ಧ್ವನಿಮುದ್ರಣಗಳೆಲ್ಲ ಅವರ ಫೋನಿನ ಮೆಮೊರಿಯಲ್ಲೇ ಇವೆ. ಭಾನುವಾರ ತಾರಸಿಯ ಮೇಲೂ ಹಾಡು ಬೇಕು ಎಂಬುದು ಎಲ್ಲರ ಆಸೆ.

ಅಮ್ಮನ ಅಗತ್ಯ ಸ್ಪಷ್ಟವಾಗಿ ವೈಫೈ ಕಡೆಗೆ ವಾಲುತ್ತದೆ. ಕರೆ ಬಂದಾಗಲೆಲ್ಲ ಹಾಡು ನಿಲ್ಲುವುದು ಅವರಿಗೆ ದಿನಾ ಕಿರಿಕಿರಿ, ಸ್ಪಾಟಿಫೈ ಕನೆಕ್ಟ್ ಇದ್ದರೆ ಅದು ತಪ್ಪುತ್ತದೆ. ಮಗಳಿಗೆ ಏರ್‌ಪ್ಲೇ ಇದ್ದರೆ ಅನುಕೂಲ, ಇಲ್ಲದಿದ್ದರೂ ಅವಳೂ ಸ್ಪಾಟಿಫೈ ಬಳಸುವವಳಾದರೆ ಅಡ್ಡಿಯಿಲ್ಲ. ಅಪ್ಪನಿಗೆ ಬ್ಲೂಟೂತೇ ಸುಲಭ. ಅಡುಗೆಮನೆಯಲ್ಲಿ ಪ್ಲಗ್ ಇದೆ, ಬ್ಯಾಟರಿ ಬೇಡ. ಇಷ್ಟಾದ ಮೇಲೆ ವೈಫೈ ಪರೀಕ್ಷೆ. ಬಾಗಿಲು ಮುಚ್ಚಿ ಅರ್ಧ ಗಂಟೆ ಹಾಕಿದಾಗ ಹಾಡು ಎರಡು ಸಲ ನಿಂತಿತು ಎಂದುಕೊಳ್ಳಿ. ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಪಕ್ಕದ ಗೋಡೆಯ ಮೇಲಿನ ಹಲಗೆಗೆ ಏರಿಸಿ ಮತ್ತೆ ಹಾಕಿದರು, ಈ ಸಲ ತಡೆಯಿಲ್ಲ. ಈ ಮನೆಗೆ ಬೇಕಾದದ್ದು ಪ್ಲಗ್‌ಗೆ ಹಾಕಿಡುವ, ಸ್ಪಾಟಿಫೈ ಕನೆಕ್ಟ್ ಮತ್ತು ಬ್ಲೂಟೂತ್ ಎರಡೂ ಇರುವ ವೈಫೈ ಸ್ಪೀಕರ್.

ತಾರಸಿಯ ಆಸೆಯನ್ನು ಇದೇ ಸ್ಪೀಕರ್‌ಗೆ ಹೊರಿಸಬೇಡಿ. ಬ್ಯಾಟರಿಯಿರುವ ವೈಫೈ ಸ್ಪೀಕರ್‌ಗಳು ಸಿಗುತ್ತವೆ, ಆದರೆ ತುಟ್ಟಿ. ತಾರಸಿಗೆ ವೈಫೈ ಎಟುಕದಿದ್ದರೆ ಅವೂ ಕೊನೆಗೆ ಬ್ಲೂಟೂತ್ ಸ್ಪೀಕರೇ. ವಾರಕ್ಕೊಮ್ಮೆಯ ಕೆಲಸಕ್ಕೆ ಒಂದು ಚಿಕ್ಕ ಬ್ಲೂಟೂತ್ ಸ್ಪೀಕರ್ ಮುಂದೆಂದಾದರೂ ಕೊಂಡರಾಯಿತು. ರೂಟರ್ ಏರಿಸಿದ ಮೇಲೂ ಹಾಡು ನಿಲ್ಲುತ್ತಿದ್ದರೆ? ಆಗ ಅಮ್ಮನ ಕರೆಗಳ ಕಿರಿಕಿರಿ ಸಹಿಸಿಕೊಂಡು ಬ್ಲೂಟೂತ್ ಕೊಳ್ಳುವುದೇ ಮೇಲು, ಅಥವಾ ಅಡುಗೆಮನೆಯಲ್ಲೇ ಬಿದ್ದಿರುವ ಒಂದು ಹಳೆಯ ಫೋನನ್ನು ಹಾಡಿಗೆಂದೇ ಮೀಸಲಿಟ್ಟು ಬ್ಲೂಟೂತ್‌ಗೆ ಜೋಡಿಸಬಹುದು. ಹಾಡುಗಳನ್ನು ಮೊದಲೇ ಆ ಫೋನಿಗೆ ಇಳಿಸಿಟ್ಟರೆ ವೈಫೈ ದುರ್ಬಲವಾಗಿದ್ದರೂ ಚಿಂತೆಯಿಲ್ಲ. ಅಗ್ಗದ ಉಪಾಯ, ಆದರೆ ಚೆನ್ನಾಗಿ ನಡೆಯುತ್ತದೆ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನೂ ಇಲ್ಲೇ ಯೋಚಿಸಿ. ವೈಫೈ ಸ್ಪೀಕರ್‌ಗೆ ಬ್ಯಾಟರಿ ಇದ್ದರೂ ರೂಟರ್ ಆರಿದರೆ ವೈಫೈ ಹಾಡು ಇಲ್ಲ. ಕರೆಂಟ್ ಆಗಾಗ ಹೋಗುವ ಮನೆಯಲ್ಲಿ ರೂಟರ್‌ಗೂ ಬ್ಯಾಕಪ್ ಇರಬೇಕು.

ತಂದ ಮೇಲೆ ಜೋಡಿಸುವುದು

ಬ್ಲೂಟೂತ್ ಜೋಡಿಸುವುದು ಎಲ್ಲರಿಗೂ ಗೊತ್ತು. ಸ್ಪೀಕರಿನ ಬ್ಲೂಟೂತ್ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಫೋನಿನ ಪಟ್ಟಿಯಲ್ಲಿ ಅದರ ಹೆಸರನ್ನು ಆರಿಸಿದರೆ ಮುಗಿಯಿತು.

ವೈಫೈ ಸ್ಪೀಕರ್‌ಗೆ ಮೊದಲ ಸಲ ತಾಳ್ಮೆ ಬೇಕು. ಕಂಪನಿಯ ಆ್ಯಪ್ ಹಾಕಿಕೊಂಡು, ಅದು ಕೇಳುವ ಅನುಮತಿಗಳನ್ನು ಕೊಟ್ಟು, ಮನೆಯ ವೈಫೈ ಪಾಸ್‌ವರ್ಡನ್ನು ಸ್ಪೀಕರ್‌ಗೆ ತಿಳಿಸಬೇಕು. ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಮತ್ತು ಸ್ಥಳದ ಅನುಮತಿ, ಐಫೋನಿನಲ್ಲಿ ಸ್ಥಳೀಯ ಜಾಲದ ಅನುಮತಿ ನಿರಾಕರಿಸಿದ್ದರೆ ಆ್ಯಪ್‌ಗೆ ಸ್ಪೀಕರ್ ಎದುರಿಗಿದ್ದರೂ ಕಾಣುವುದಿಲ್ಲ. ಪಾಸ್‌ವರ್ಡ್ ಸರಿಯಿದ್ದೂ ಸೇರದಿದ್ದರೆ ಎರಡು ಸಂಗತಿ ನೋಡಿ. ಸ್ಪೀಕರ್ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದ್ದಾಗಿದ್ದು ನೀವು 5 ಗಿಗಾಹರ್ಟ್ಸ್ ಜಾಲದ ಹೆಸರು ಕೊಟ್ಟಿರಬಹುದು. ಅಥವಾ ರೂಟರಿನ ಭದ್ರತೆ WPA3ಗೆ ಮಾತ್ರ ಇಟ್ಟಿರಬಹುದು, ಅದನ್ನು WPA2 ಮತ್ತು WPA3 ಎರಡಕ್ಕೂ ಒಪ್ಪುವಂತೆ ಬದಲಿಸಿದರೆ ಹಳೆಯ ಸ್ಪೀಕರ್‌ಗಳೂ ಸೇರುತ್ತವೆ.

ಕೆಟ್ಟಾಗ ಎಲ್ಲಿ ಹುಡುಕುವುದು

ಬ್ಲೂಟೂತ್ ಹಾಡು ತುಂಡು ತುಂಡಾಗಿ ಬರುತ್ತಿದೆಯೇ? ಮೊದಲು ಫೋನನ್ನು ಜೇಬಿನಿಂದ ತೆಗೆದು ಸ್ಪೀಕರ್‌ಗೆ ಕಾಣುವ ಹಾಗೆ ಇಡಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ, ನಮ್ಮ ದೇಹದಲ್ಲಿರುವುದು ಹೆಚ್ಚಾಗಿ ನೀರೇ. ಆದರೂ ನಿಲ್ಲದಿದ್ದರೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಹಾಡು ಹಾಕಿ ನೋಡಿ. ಆಗ ಸರಿಹೋದರೆ ತಪ್ಪಿತಸ್ಥ ಸ್ಪೀಕರ್ ಅಲ್ಲ. ಫೋನ್ 2.4 ಗಿಗಾಹರ್ಟ್ಸ್ ವೈಫೈಯಲ್ಲಿದ್ದಾಗ ವೈಫೈ ಮತ್ತು ಬ್ಲೂಟೂತ್ ಒಂದೇ ತರಂಗಪಟ್ಟಿಯನ್ನು ಸರದಿಯಂತೆ ಹಂಚಿಕೊಳ್ಳುತ್ತಿರುತ್ತವೆ. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿದರೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಮೈಕ್ರೋವೇವ್ ಓಡುವಾಗ ಮಾತ್ರ ತುಂಡಾಗುತ್ತಿದ್ದರೆ ಕಾರಣ ಬೇರೆ ಹೇಳಬೇಕಿಲ್ಲ.

‘ಕನೆಕ್ಟೆಡ್’ ಎಂದು ತೋರಿಸಿಯೂ ಸದ್ದೇ ಇಲ್ಲದಿದ್ದರೆ ಸ್ಪೀಕರ್ ಮನೆಯ ಇನ್ನೊಂದು ಫೋನಿಗೋ ಟ್ಯಾಬ್ಲೆಟ್‌ಗೋ ಅಂಟಿಕೊಂಡಿದೆಯೇ ನೋಡಿ, ಅವುಗಳ ಬ್ಲೂಟೂತ್ ಆಫ್ ಮಾಡಿ.

ವೈಫೈ ಸ್ಪೀಕರ್‌ನ ಅತಿ ಸಾಮಾನ್ಯ ದೂರು ‘ಪಟ್ಟಿಯಲ್ಲಿ ಕಾಣುತ್ತಿಲ್ಲ’ ಎಂಬುದು. ಬಹಳ ಸಲ ಸ್ಪೀಕರ್ ಸರಿಯಾಗಿಯೇ ಇರುತ್ತದೆ, ಫೋನ್ ಬೇರೆ ಜಾಲದಲ್ಲಿರುತ್ತದೆ. ಅತಿಥಿಗಳ ವೈಫೈಗೆ ಸೇರಿದ್ದರೆ, ವಿಪಿಎನ್ ಆನ್ ಇದ್ದರೆ, ಅಥವಾ ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆ ಒಂದು ಮತ್ತು ನೀವೇ ತಂದ ರೂಟರ್ ಇನ್ನೊಂದು ಎರಡು ಜಾಲಗಳನ್ನು ಹಬ್ಬಿಸುತ್ತಿದ್ದರೆ ಫೋನ್ ಮತ್ತು ಸ್ಪೀಕರ್ ಒಂದನ್ನೊಂದು ನೋಡಲಾರವು. ಎರಡನ್ನೂ ಒಂದೇ ಹೆಸರಿನ ಒಂದೇ ರೂಟರಿಗೆ ತಂದರೆ ಹೆಚ್ಚಿನ ದೂರುಗಳು ಅಲ್ಲೇ ಮುಗಿಯುತ್ತವೆ.

ವೈಫೈ ಸ್ಪೀಕರ್‌ನ ಆಯುಷ್ಯದಲ್ಲಿ ಕಂಪನಿಯ ಸಾಫ್ಟ್‌ವೇರ್‌ಗೂ ಪಾಲಿದೆ. 2015ರಲ್ಲಿ ಬಂದ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಪುಟ್ಟ ಸಾಧನ ಹಳೆಯ ಸ್ಪೀಕರ್‌ಗಳನ್ನೂ ಕಾಸ್ಟ್‌ಗೆ ಸೇರಿಸುತ್ತಿತ್ತು. 2025ರ ಮಾರ್ಚಿನಲ್ಲಿ ಅದರೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದದ್ದೇ ತಡ, ಚೆನ್ನಾಗಿಯೇ ಇದ್ದ ಸಾಧನಗಳು ಮನೆಮನೆಯಲ್ಲೂ ನಿಂತುಹೋದವು, ಗೂಗಲ್ ತಿದ್ದುಪಡಿ ಕಳಿಸಿದ ಮೇಲೆಯೇ ಮತ್ತೆ ನಡೆದದ್ದು. ಸೋನೋಸ್ ಕಂಪನಿ 2020ರಲ್ಲಿ ಹೊಸ ಆ್ಯಪ್ ತಂದಾಗ ಅದರ ಕೆಲವು ಹಳೆಯ ಸ್ಪೀಕರ್‌ಗಳು ಹಳೆಯ ಆ್ಯಪ್‌ನಲ್ಲೇ ಉಳಿದವು. ಬ್ಲೂಟೂತ್ ಸ್ಪೀಕರ್‌ಗೆ ಈ ಭಯವಿಲ್ಲ, ಅದರಲ್ಲಿ ಮೊದಲು ಸಾಯುವುದು ಬ್ಯಾಟರಿ. ಹಾಗಾಗಿ ವೈಫೈ ಸ್ಪೀಕರ್ ಆರಿಸುವಾಗ ಬ್ಲೂಟೂತ್ ಜೊತೆಗೆ ಆಕ್ಸ್ ತೂತೂ ಇದೆಯೇ ನೋಡಿ. ಆ್ಯಪ್ ಕೈಬಿಟ್ಟ ಮೇಲೂ ತಂತಿಯಿಂದ ಅದನ್ನು ಬಳಸಬಹುದು.

ಅಂಗಡಿ ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲು ಎರಡು ಕೆಲಸ ಮಾಡಿ. ಹಾಡು ನಡೆಯುವಾಗ ಬೇರೆ ಫೋನಿನಿಂದ ಕರೆ ಮಾಡಿಸಿಕೊಳ್ಳಿ, ವೈಫೈಯಲ್ಲಿ ನಿಜಕ್ಕೂ ಹಾಡು ನಿಲ್ಲುವುದಿಲ್ಲವೇ ತಿಳಿಯುತ್ತದೆ. ಆಮೇಲೆ ರೂಟರನ್ನು ಆರಿಸಿ ಮತ್ತೆ ಹಾಕಿ, ಐದು ನಿಮಿಷದಲ್ಲಿ ಸ್ಪೀಕರ್ ತಾನಾಗಿ ಜಾಲಕ್ಕೆ ಮರಳಬೇಕು. ಮರಳದಿದ್ದರೆ ಪ್ರತಿ ಸಲ ಕರೆಂಟ್ ಹೋದಾಗಲೂ ಅದೇ ಗೋಳು, ಹಿಂದಿರುಗಿಸಿ. ಮುಂದೆ ರೂಟರ್ ಬದಲಿಸಿದರೆ ಹೊಸದಕ್ಕೂ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಇಡಿ, ಸ್ಪೀಕರನ್ನು ಮೊದಲಿನಿಂದ ಜೋಡಿಸುವ ಕೆಲಸ ಸಾಮಾನ್ಯವಾಗಿ ತಪ್ಪುತ್ತದೆ.